ಕಿಕ್‌ಆಫ್ ಮೇಲ್ ಹೋಗಿದೆ, ಕೇಳಿದ್ದು ಬಂದಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಅಗ್ರಿಮೆಂಟ್‌ಗೆ ಸಹಿ ಆಗಿದೆ. ಮರುದಿನವೇ ಹೊಸ ಕ್ಲೈಂಟ್‌ಗೆ ಕಿಕ್‌ಆಫ್ ಮೇಲ್ ಹೋಗಿದೆ. ನಮ್ಮ ಕಡೆ ಯಾರನ್ನು ಕೇಳಬೇಕು, ಯಾವ ಹಂತ ಯಾವಾಗ ಮುಗಿಯುತ್ತದೆ, ಕೆಲಸ ಶುರು ಮಾಡಲು ಅವರಿಂದ ಏನೇನು ಬೇಕು, ಎಲ್ಲವನ್ನೂ ಬರೆದಾಗಿದೆ. ವಾರ ಕಳೆದರೂ ಕೇಳಿದ್ದು ಬರುವುದಿಲ್ಲ. ಆಗ ನಾವು ಮಾಡುವ ಮೊದಲ ಕೆಲಸ ಅದೇ ಮೇಲ್ ಮೇಲೆ ಒಂದು ರಿಮೈಂಡರ್ ಕಳುಹಿಸುವುದು. ನನ್ನ ಅನುಭವದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಮೇಲ್‌ನಲ್ಲೇ ದೋಷ ಇದ್ದರೆ ರಿಮೈಂಡರ್ ಅದೇ ದೋಷವನ್ನು ಇನ್ನೊಂದು ಸಲ ಕಳುಹಿಸುತ್ತದೆ, ಅಷ್ಟೇ.

ಮೊದಲು ನೋಡಬೇಕಾದ್ದು, ಕ್ಲೈಂಟ್ ಕಡೆಯಿಂದ ಏನು ಬಂತು ಎನ್ನುವುದನ್ನು. ಏನೂ ಬಾರದಿರುವುದು ಒಂದು ಲಕ್ಷಣ. "ಧನ್ಯವಾದ, ತಂಡಕ್ಕೆ ತಿಳಿಸುತ್ತೇನೆ" ಎಂಬ ಒಂದು ಸಾಲು ಬಂದು ಆಮೇಲೆ ಮೌನವಾಗುವುದು ಬೇರೆ ಲಕ್ಷಣ. ಕೇಳಿದ್ದು ಒಂದು, ಬಂದಿದ್ದು ಇನ್ನೊಂದು ಆದರೆ ಅದು ಮೂರನೆಯದು. ಎಲ್ಲ ಬಂದು ಒಂದು ಮಾತ್ರ "ನಾಳೆ ಕೊಡ್ತೀವಿ" ಎಂದು ಮುಂದಕ್ಕೆ ಹೋಗುತ್ತಲೇ ಇದ್ದರೆ ಅದು ನಾಲ್ಕನೆಯದು. ಹೊರಗಿನಿಂದ ನಾಲ್ಕೂ "ಕ್ಲೈಂಟ್ ತಡ ಮಾಡ್ತಿದ್ದಾರೆ" ಎಂದೇ ಕಾಣುತ್ತವೆ. ಒಳಗೆ ಮುರಿದಿರುವ ಜಾಗ ಬೇರೆ ಬೇರೆ.

ನಾನು ನೋಡಿಕೊಂಡ ಒಂದು ಪ್ರಾಜೆಕ್ಟ್‌ನಲ್ಲಿ ಈ ನಾಲ್ಕರ ಹಿಂದಿನ ದೋಷಗಳೂ ಒಟ್ಟಿಗೆ ಇದ್ದವು. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ನಡೆದದ್ದು

ಒಂದು ಕಂಪನಿಯ ಹಳೆಯ ವೆಬ್‌ಸೈಟ್ ಅನ್ನು ಹೊಸದಾಗಿ ಕಟ್ಟಿಕೊಡುವ ಕೆಲಸ. 3ನೇ ತಾರೀಕು ಸೋಮವಾರ ಅವರ ನಿರ್ದೇಶಕರು ಅಗ್ರಿಮೆಂಟ್‌ಗೆ ಸಹಿ ಹಾಕಿದರು. 4ನೇ ತಾರೀಕು ನಮ್ಮ ಸೇಲ್ಸ್ ಸಹೋದ್ಯೋಗಿ ತಮ್ಮ ಐಡಿಯಿಂದಲೇ ಕಿಕ್‌ಆಫ್ ಮೇಲ್ ಕಳುಹಿಸಿದರು. ಕ್ಲೈಂಟ್ ಜೊತೆ ಮೊದಲಿನಿಂದ ಮಾತಾಡಿದ್ದವರು ಅವರೇ. ಹಾಗಾಗಿ ಅದು ಸಹಜ ಅನ್ನಿಸಿತ್ತು. ಮೇಲ್‌ನ "ಟು" ಜಾಗದಲ್ಲಿ ಐದು ಜನ ಇದ್ದರು. ಕೇಳಿದ್ದು ಹನ್ನೊಂದು ವಿಷಯ. ಎಲ್ಲವೂ ಒಂದೇ ಪ್ಯಾರಾದಲ್ಲಿ, ಕೊನೆಗೆ "ಆದಷ್ಟು ಬೇಗ ಕಳುಹಿಸಿ". ಹೋಮ್ ಪೇಜ್ ಡಿಸೈನ್ 18ಕ್ಕೆ ಎಂದು ಬರೆದಿತ್ತು. ಜೊತೆಗೆ ನಮ್ಮ ಕೆಲಸದ ಕ್ರಮ ವಿವರಿಸುವ 14 ಎಂಬಿಯ ಪ್ರೆಸೆಂಟೇಶನ್ ಅಟ್ಯಾಚ್ ಆಗಿತ್ತು.

14ನೇ ತಾರೀಕು ಶುಕ್ರವಾರದ ಹೊತ್ತಿಗೆ ನಮ್ಮ ಕೈಯಲ್ಲಿ ಇದ್ದದ್ದು ಎರಡು. ಮೇಲ್ ಹೋದ ದಿನವೇ ನಿರ್ದೇಶಕರು ಕಳುಹಿಸಿದ್ದ ಧನ್ಯವಾದದ ಸಾಲು ಒಂದು. ಇನ್ನೊಂದು, 7ನೇ ತಾರೀಕು ಮಾರ್ಕೆಟಿಂಗ್‌ನವರು ಕಳುಹಿಸಿದ್ದ ವರ್ಡ್ ಫೈಲ್. ಅದರೊಳಗೆ ಲೋಗೋದ ಚಿತ್ರ ಅಂಟಿಸಿದ್ದರು. ಡಿಸೈನ್ ಕೊಡಬೇಕಾದ ದಿನಕ್ಕೆ ನಡುವೆ ಉಳಿದಿದ್ದದ್ದು ಸೋಮವಾರ ಒಂದೇ. ಪ್ರಾಜೆಕ್ಟ್ ನನ್ನ ಕೈಗೆ ಬಂದದ್ದು ಆಗ.

ಮೊದಲು: ಮೇಲ್ ಎಲ್ಲರಿಗೂ ತಲುಪಿದೆಯಾ?

ಇದನ್ನು ಬಹಳ ಜನ ನೋಡುವುದೇ ಇಲ್ಲ. ಒಬ್ಬರಿಂದ ಉತ್ತರ ಬಂದರೆ ಐವರಿಗೂ ತಲುಪಿತು ಎಂದುಕೊಳ್ಳುತ್ತೇವೆ. ಆದರೆ ಒಂದೇ ಮೇಲ್ ನಾಲ್ವರಿಗೆ ಸೇರಿ ಐದನೆಯವರಿಗೆ ಸೇರದೆ ಇರಬಹುದು. ಅವರ ಐಡಿ ಬೇರೆ ಡೊಮೇನ್‌ನಲ್ಲಿದ್ದರೆ ಅದರ ಸರ್ವರ್ ಬೇರೆ, ಅದರ ನಿಯಮವೂ ಬೇರೆ.

ಸೇರದೆ ಇದ್ದರೆ ಸಾಮಾನ್ಯವಾಗಿ ಬೌನ್ಸ್ ಮೇಲ್ ವಾಪಸ್ ಬರುತ್ತದೆ. ಅದು ಬರುವುದು ಕಳುಹಿಸಿದವರ ಇನ್‌ಬಾಕ್ಸ್‌ಗೆ. ನಮ್ಮಲ್ಲಿ ಕಳುಹಿಸಿದ್ದು ಸೇಲ್ಸ್‌ನವರು. ಅವರು ಆಗಲೇ ಮುಂದಿನ ಕ್ಲೈಂಟ್ ಕೆಲಸಕ್ಕೆ ಇಳಿದಿದ್ದರು. ಬೌನ್ಸ್ ಹತ್ತು ದಿನ ಅವರ ಇನ್‌ಬಾಕ್ಸ್‌ನಲ್ಲೇ ಇತ್ತು. ನಾನು ಕೇಳಿದ ಮೇಲೆ ಅವರು ಹುಡುಕಿ ಕಳುಹಿಸಿದರು. ಅದರಲ್ಲಿ ಇದ್ದ ಮುಖ್ಯ ಸಾಲು ಇದು:

```
552 5.3.4 Message size exceeds fixed limit
```

ಬೌನ್ಸ್ ಮೇಲ್ ಉದ್ದ ಇರುತ್ತದೆ, ಓದಲು ಬೇಸರ. ಆದರೆ ಆ ಅಂಕಿಗಳನ್ನು ನೋಡಿದರೆ ಸಾಕು. 5ರಿಂದ ಶುರುವಾದರೆ ಅದು ಖಾಯಂ ನಿರಾಕರಣೆ, ಅದೇ ಮೇಲ್ ಮತ್ತೆ ಕಳುಹಿಸಿದರೂ ಹೋಗುವುದಿಲ್ಲ. 4ರಿಂದ ಶುರುವಾದರೆ ತಾತ್ಕಾಲಿಕ ಅಡಚಣೆ, ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. `5.1.1` ಎಂದಿದ್ದರೆ ಆ ವಿಳಾಸವೇ ಇಲ್ಲ, ಹೆಸರಿನ ಸ್ಪೆಲಿಂಗ್ ತಪ್ಪಿರಬಹುದು. `5.3.4` ಎಂದರೆ ಮೇಲ್ ಗಾತ್ರ ಜಾಸ್ತಿಯಾಯಿತು.

14 ಎಂಬಿ ಅಷ್ಟೇನೂ ದೊಡ್ಡದಲ್ಲ, ಅಲ್ವಾ? ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಅಟ್ಯಾಚ್‌ಮೆಂಟ್ ಮೇಲ್‌ನಲ್ಲಿ ಹೋಗುವಾಗ ಅಕ್ಷರಗಳ ರೂಪಕ್ಕೆ ಬದಲಾಗುತ್ತದೆ. ಅದರಿಂದ ಗಾತ್ರ ಸುಮಾರು ಮೂರನೇ ಒಂದರಷ್ಟು ಹೆಚ್ಚುತ್ತದೆ. ನಮ್ಮ 14 ಎಂಬಿ ದಾರಿಯಲ್ಲಿ 19 ಎಂಬಿಯ ಹತ್ತಿರ ಆಗಿತ್ತು. ಆ ಕಡೆಯ ಸರ್ವರ್ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತಿತ್ತು. ಯಾರೂ ಬದಲಾಯಿಸದಿದ್ದರೆ ಪೋಸ್ಟ್‌ಫಿಕ್ಸ್‌ನ ಮಿತಿ 1,02,40,000 ಬೈಟ್, ಅಂದರೆ ಸುಮಾರು 10 ಎಂಬಿ. ನಮ್ಮ ಮೇಲ್ ಒಳಗೆ ಹೋಗುವ ಸಾಧ್ಯತೆಯೇ ಇರಲಿಲ್ಲ.

ಹಾಗಾಗಿ ಕಿಕ್‌ಆಫ್ ಮೇಲ್‌ಗೆ ಏನನ್ನೂ ಅಟ್ಯಾಚ್ ಮಾಡದಿರುವುದೇ ಒಳ್ಳೆಯದು. ಲಿಂಕ್ ಕೊಡುವುದಾದರೆ ನಿಮ್ಮ ಅಕೌಂಟ್‌ನಿಂದ ಲಾಗ್‌ಔಟ್ ಆಗಿ, ಇನ್‌ಕಾಗ್ನಿಟೋ ವಿಂಡೋದಲ್ಲಿ ಆ ಲಿಂಕ್ ತೆರೆದು ನೋಡಿ. "ಅನುಮತಿ ಕೇಳಿ" ಎಂಬ ಪುಟ ಬಂದರೆ ಕ್ಲೈಂಟ್‌ಗೂ ಅದೇ ಬರಬಹುದು. ಅವರ ಐಡಿಗಳಿಗೆ ಮಾತ್ರ ಶೇರ್ ಮಾಡಿದ್ದರೆ ಆ ಐಡಿಗಳ ಪಟ್ಟಿಯನ್ನು ಒಂದೊಂದಾಗಿ ನೋಡಿ. ಅನುಮತಿ ಕೇಳಿ ಕಾಯುವಷ್ಟು ಪುರುಸೊತ್ತು ಮೊದಲ ವಾರದಲ್ಲಿ ಯಾರಿಗೂ ಇರುವುದಿಲ್ಲ.

ಬೌನ್ಸ್ ಇಲ್ಲ, ಉತ್ತರವೂ ಇಲ್ಲ ಎಂದಾದರೆ ಸ್ಪ್ಯಾಮ್‌ಗೆ ಹೋಗಿದೆಯೋ ಎಂದು ಕೇಳಿ. ಜಿಮೇಲ್ ಬಳಸುವ ಒಬ್ಬರಿಗೆ ಪ್ರಯೋಗಕ್ಕೆ ಒಂದು ಮೇಲ್ ಕಳುಹಿಸಿ `Show original` ನೋಡಿದರೆ, ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂದಿದೆಯಾ ಎಂದು ನೋಡುವ `SPF`, `DKIM`, `DMARC` ಪರೀಕ್ಷೆಗಳ ಮುಂದೆ `PASS` ಅಥವಾ `FAIL` ಎಂದು ಕಾಣುತ್ತದೆ. ಅಲ್ಲಿ `FAIL` ಇದ್ದರೆ ದೋಷ ನಿಮ್ಮ ಡೊಮೇನ್‌ನ ಸೆಟಪ್‌ನಲ್ಲಿ. ಮೇಲ್‌ನ ಮಾತನ್ನು ಎಷ್ಟು ತಿದ್ದಿದರೂ ಅದು ಸರಿಹೋಗುವುದಿಲ್ಲ.

ಆದರೆ ಎಲ್ಲಕ್ಕಿಂತ ಸುಲಭದ ಪರೀಕ್ಷೆ ಫೋನ್. ಮೇಲ್ ಹೋದ ಎರಡನೇ ಕೆಲಸದ ದಿನ ಒಂದು ಕರೆ ಮಾಡಿ "ಮೇಲ್ ಸಿಕ್ಕಿತಾ, ಲಿಂಕ್ ತೆರೆಯಿತಾ" ಎಂದಷ್ಟೇ ಕೇಳಿ. ಕೆಲಸದ ಬಗ್ಗೆ ಆಗ ಒತ್ತಾಯ ಬೇಡ.

ಎರಡನೆಯದು: ಸಹಿ ಹಾಕಿದವರು, ಕೆಲಸ ಮಾಡಿಕೊಡುವವರು ಒಬ್ಬರೇನಾ?

"ಧನ್ಯವಾದ, ತಂಡಕ್ಕೆ ತಿಳಿಸುತ್ತೇನೆ" ಎಂಬ ಉತ್ತರ ಬಂದರೆ ನಾನು ಈಗ ತಕ್ಷಣ ಇದನ್ನೇ ಅನುಮಾನಿಸುತ್ತೇನೆ. ಸಹಿ ಹಾಕುವ ಅಧಿಕಾರ ಇರುವವರ ಹತ್ತಿರ ಲೋಗೋ ಫೈಲ್ ಇರುವುದಿಲ್ಲ. ಫೋಟೋ ಇರುವುದಿಲ್ಲ. ಹೋಸ್ಟಿಂಗ್ ಲಾಗಿನ್ ಅಂತೂ ಇರುವುದೇ ಇಲ್ಲ. ಅವರು ನಿಜವಾಗಿಯೂ ತಂಡಕ್ಕೆ ತಿಳಿಸಬೇಕೆಂದೇ ಇರುತ್ತಾರೆ. ಆದರೆ ಯಾರಿಗೆ ಏನು ತಿಳಿಸಬೇಕು ಎಂದು ನಾವು ಬರೆದಿಲ್ಲ. ಹನ್ನೊಂದು ವಿಷಯಗಳ ಪ್ಯಾರಾವನ್ನು ಬಿಡಿಸಿ, ಯಾವುದು ಯಾರದ್ದು ಎಂದು ಹಂಚುವ ಕೆಲಸವನ್ನು ನಾವು ಅವರ ಮೇಲೆ ಹಾಕಿದ್ದೇವೆ.

ಐದು ಜನರ ವಿಳಾಸ ಇದ್ದದ್ದೂ ಇದನ್ನು ಹೆಚ್ಚಿಸಿತು. ಮಾರ್ಕೆಟಿಂಗ್ ಮುಖ್ಯಸ್ಥೆ ಮೇಲ್ ಓದಿದ್ದರು. ನಿರ್ದೇಶಕರ ಹೆಸರು ಮೊದಲು ಇದ್ದುದರಿಂದ ಅವರೇ ಉತ್ತರಿಸುತ್ತಾರೆ ಎಂದು ಸುಮ್ಮನಿದ್ದರು. ನಿರ್ದೇಶಕರು ಉತ್ತರಿಸಿಯೂ ಬಿಟ್ಟಿದ್ದರು, ಧನ್ಯವಾದ ಎಂದು. ಅವರಿಬ್ಬರ ಲೆಕ್ಕದಲ್ಲಿ ಮೇಲ್‌ಗೆ ಉತ್ತರ ಹೋಗಿತ್ತು.

ಇದನ್ನು ಪತ್ತೆ ಮಾಡಲು ನಾನು ಮೇಲ್ ತೆರೆದು ಒಂದು ಕೆಲಸ ಮಾಡುತ್ತೇನೆ. ಕೇಳಿರುವ ಪ್ರತಿ ವಿಷಯದ ಪಕ್ಕ ಒಬ್ಬರ ಹೆಸರು ಬರೆಯಲು ನೋಡುತ್ತೇನೆ. ಮೇಲ್‌ನಲ್ಲಿ ಇರುವುದನ್ನಷ್ಟೇ ಓದಿ ಬರೆಯಬೇಕು, ನನಗೆ ಗೊತ್ತಿರುವುದನ್ನು ಸೇರಿಸಬಾರದು. ಹೆಸರು ಬರೆಯಲು ಆಗದಿದ್ದರೆ ಕ್ಲೈಂಟ್‌ಗೂ ಆಗಿರುವುದಿಲ್ಲ. ನಮ್ಮ ಮೇಲ್‌ನಲ್ಲಿ ಹನ್ನೊಂದರಲ್ಲಿ ಒಂದಕ್ಕೂ ಹೆಸರು ಸಿಗಲಿಲ್ಲ.

ನಮ್ಮ ಕಡೆಯ ಸಂಪರ್ಕಗಳಲ್ಲೂ ಇದೇ ದೋಷ ಇತ್ತು. "ಯಾವುದೇ ಪ್ರಶ್ನೆ ಇದ್ದರೆ ನಮ್ಮ ತಂಡವನ್ನು ಸಂಪರ್ಕಿಸಿ" ಎಂದು ಬರೆದು ನಾಲ್ಕು ಹೆಸರು, ನಾಲ್ಕು ನಂಬರ್ ಕೊಟ್ಟಿದ್ದೆವು. ಡಿಸೈನ್ ಬಗ್ಗೆ ಯಾರು, ಬಿಲ್ ಬಗ್ಗೆ ಯಾರು ಎಂದು ಇರಲಿಲ್ಲ. ಆಮೇಲೆ ತಿಳಿದದ್ದು, ಮಾರ್ಕೆಟಿಂಗ್‌ನವರಿಗೆ ಲೋಗೋ ಬಗ್ಗೆ ಒಂದು ಸಣ್ಣ ಪ್ರಶ್ನೆ ಇತ್ತಂತೆ. ಯಾರನ್ನು ಕೇಳುವುದು ಎಂದು ಗೊತ್ತಾಗದೆ ಇದ್ದದ್ದನ್ನೇ ಕಳುಹಿಸಿದ್ದರು.

ಮೂರನೆಯದು: ಬಂದದ್ದು ಬೇಕಾದ ರೂಪದಲ್ಲಿ ಇಲ್ಲ

ತಪ್ಪು ಫೈಲ್ ಬಂದರೆ ಅದು ಒಳ್ಳೆಯ ಲಕ್ಷಣ. ಮೇಲ್ ತಲುಪಿದೆ, ಸರಿಯಾದವರೇ ಓದಿದ್ದಾರೆ, ಕೊಡುವ ಮನಸ್ಸೂ ಇದೆ ಎಂದು ಅರ್ಥ. ಮುರಿದಿರುವುದು ನಮ್ಮ ಕೇಳಿಕೆಯ ಮಾತು ಮಾತ್ರ.

ನಾವು ಬರೆದದ್ದು "ಬ್ರ್ಯಾಂಡ್ ಸಂಬಂಧಿ ಎಲ್ಲ ಫೈಲ್‌ಗಳು". ನಮಗೆ ಬೇಕಿದ್ದದ್ದು ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದ ವೆಕ್ಟರ್ ಲೋಗೋ. ವೆಕ್ಟರ್ ಎಂಬ ಪದ ಡಿಸೈನರ್‌ಗೆ ಗೊತ್ತು, ಎಲ್ಲರಿಗೂ ಗೊತ್ತಿರಬೇಕಿಲ್ಲ. ಹಾಗೆಂದು "ಪಿಡಿಎಫ್ ಕೊಡಿ" ಎಂದರೂ ಸಾಲದು. ಪಿಡಿಎಫ್ ಒಳಗೆ ಮಾಮೂಲಿ ಚಿತ್ರವನ್ನೇ ಇಟ್ಟಿರಬಹುದು. ಹಾಗಾಗಿ ಕ್ಲೈಂಟ್ ತಾವೇ ಮಾಡಿ ನೋಡಬಹುದಾದ ಪರೀಕ್ಷೆಯನ್ನು ಬರೆಯಬೇಕು: ಫೈಲ್ ತೆರೆದು 800% ಜೂಮ್ ಮಾಡಿ; ಅಂಚು ಚೊಕ್ಕವಾಗಿಯೇ ಇದ್ದರೆ ಅದು ಬೇಕಾದ ಫೈಲ್; ಮೆಟ್ಟಿಲು ಮೆಟ್ಟಿಲಾಗಿ ಅಥವಾ ಮಸುಕಾಗಿ ಕಂಡರೆ ಅಲ್ಲ. ಜೊತೆಗೆ ಆ ಫೈಲ್ ಎಲ್ಲಿ ಸಿಗಬಹುದು ಎಂಬ ಸುಳಿವೂ ಬೇಕು. ಲೋಗೋ ಮಾಡಿಕೊಟ್ಟ ಡಿಸೈನರ್ ಹತ್ತಿರ ಅಥವಾ ಬೋರ್ಡ್, ಬ್ರೋಷರ್ ಮುದ್ರಿಸಿದವರ ಹತ್ತಿರ ಅದು ಇರುವ ಸಾಧ್ಯತೆ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ. "ಹೋಸ್ಟಿಂಗ್ ಲಾಗಿನ್ ವಿವರ ಕಳುಹಿಸಿ" ಎಂದು ಬರೆದರೆ ಕ್ಲೈಂಟ್ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಮೇಲ್‌ನಲ್ಲೇ ಬರೆದು, ಐದು ಜನರಿಗೂ ಹೋಗುವಂತೆ ರಿಪ್ಲೈ ಮಾಡುತ್ತಾರೆ. ಅದು ಎಲ್ಲರ ಇನ್‌ಬಾಕ್ಸ್‌ನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ತಪ್ಪು ಅವರದ್ದಲ್ಲ, ನಾವು ಕೇಳಿದ್ದೇ ಹಾಗೆ. ನಮ್ಮ ಐಡಿಗೆ ಬೇರೆ ಯೂಸರ್ ಮಾಡಿಕೊಡಿ ಎಂದು ಕೇಳಬೇಕು. ಕೆಲಸ ಮುಗಿದ ಮೇಲೆ ಅವರೇ ಅದನ್ನು ತೆಗೆದುಹಾಕಬಹುದು.

ನಾಲ್ಕನೆಯದು: ಕೇಳಿದ್ದು ಅವರ ಹತ್ತಿರವೇ ಇಲ್ಲ

ನನಗೆ ಅತಿ ಹೆಚ್ಚು ದಿನ ತಿಂದಿರುವ ದೋಷ ಇದು. ಮೇಲ್ ಸರಿ ಇದೆ, ಓದಿದವರು ಸರಿ ಇದ್ದಾರೆ, ಏನು ಬೇಕು ಎಂದು ಅವರಿಗೆ ಅರ್ಥವೂ ಆಗಿದೆ. ಆದರೂ ಒಂದು ವಿಷಯ ಮಾತ್ರ ಬರುವುದಿಲ್ಲ. ಪ್ರತಿ ಸಲವೂ "ನಾಳೆ". ಹಾಗಾದರೆ ಅದು ಮೂರನೆಯವರ ಹತ್ತಿರ ಇದೆ ಎಂದು ತಿಳಿಯಿರಿ. ಕೇಳಲು ಅವರಿಗೆ ಏನೋ ಮುಜುಗರ ಇರಬಹುದು. ಎಲ್ಲಿದೆ ಎಂದೇ ಗೊತ್ತಿಲ್ಲದೆಯೂ ಇರಬಹುದು.

ವೆಬ್‌ಸೈಟ್ ಕೆಲಸದಲ್ಲಿ ಇದು ಹೆಚ್ಚಾಗಿ ಡೊಮೇನ್ ವಿಷಯ. ಕೇಳುವ ಮೊದಲು ನಾವೇ ಒಂದಿಷ್ಟು ತಿಳಿದುಕೊಳ್ಳಬಹುದು:

```
nslookup -type=ns example.com
whois example.com
```

`example.com` ಜಾಗದಲ್ಲಿ ಕ್ಲೈಂಟ್‌ನ ಡೊಮೇನ್ ಹಾಕಿ. ಮೊದಲನೆಯದು ಡಿಎನ್‌ಎಸ್, ಅಂದರೆ ಡೊಮೇನ್ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಎಂಬ ದಾಖಲೆ, ಯಾರ ಸರ್ವರ್‌ನಲ್ಲಿ ಇದೆ ಎಂದು ತೋರಿಸುತ್ತದೆ. ಎರಡನೆಯದು ಡೊಮೇನ್ ಯಾವ ನೋಂದಣಿ ಕಂಪನಿಯ, ಅಂದರೆ ರಿಜಿಸ್ಟ್ರಾರ್ ಹತ್ತಿರ ಇದೆ, ಯಾವಾಗ ಅವಧಿ ಮುಗಿಯುತ್ತದೆ ಎಂದು ತೋರಿಸುತ್ತದೆ. ಮಾಲೀಕರ ಹೆಸರು ಬಹಳಷ್ಟು ಸಲ ಮರೆಯಾಗಿರುತ್ತದೆ, ಅದಕ್ಕೆ ಕಾಯಬೇಡಿ. ರಿಜಿಸ್ಟ್ರಾರ್ ಹೆಸರು ಹಿಡಿದು "ಇವರ ಹತ್ತಿರ ನಿಮ್ಮ ಡೊಮೇನ್ ಇದೆ, ಇವರಿಂದ ಬರುವ ನವೀಕರಣದ ಮೇಲ್ ನಿಮ್ಮಲ್ಲಿ ಯಾರಿಗೆ ಬರುತ್ತದೆ" ಎಂದು ಕೇಳಿದರೆ ದಾರಿ ಬೇಗ ಸಿಗುತ್ತದೆ.

ನಮ್ಮ ಪ್ರಾಜೆಕ್ಟ್‌ನಲ್ಲಿ ನಿರ್ದೇಶಕರಿಗೆ ನಾನು ಕರೆ ಮಾಡಿದೆ. "ಸರ್, ಲಾಗಿನ್ ಕಳುಹಿಸಿ" ಎಂದು ಕೇಳಲಿಲ್ಲ. "ಸರ್, ಈಗಿನ ಸೈಟ್‌ನಲ್ಲಿ ಏನಾದರೂ ಬದಲಾಯಿಸಬೇಕಾದರೆ ನೀವು ಯಾರಿಗೆ ಫೋನ್ ಮಾಡುತ್ತೀರಿ?" ಎಂದು ಕೇಳಿದೆ. ತಕ್ಷಣ ಉತ್ತರ ಬಂತು. ಹೊರಗಿನ ಒಬ್ಬರು ವರ್ಷಗಳಿಂದ ಸೈಟ್ ನೋಡಿಕೊಳ್ಳುತ್ತಿದ್ದರು. ಡೊಮೇನ್ ಇದ್ದದ್ದು ಅವರ ಸ್ವಂತ ಅಕೌಂಟ್‌ನಲ್ಲಿ. ನಮ್ಮ ಮೇಲ್ ಬೌನ್ಸ್ ಆಗಿದ್ದದ್ದು ಅವರಿಗೇ. ಹತ್ತು ದಿನದಿಂದ ಈ ಪ್ರಾಜೆಕ್ಟ್ ಶುರುವಾಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಇಂಥ ಕಡೆ ಡೊಮೇನ್ ಅನ್ನು ಮೊದಲು ಕ್ಲೈಂಟ್ ಹೆಸರಿಗೆ ವರ್ಗಾಯಿಸೋಣ ಎಂದು ಹೊರಡಬೇಡಿ. ವರ್ಗಾವಣೆಗೆ ಈಗಿನ ರಿಜಿಸ್ಟ್ರಾರ್‌ನಿಂದ ಆಥ್ ಕೋಡ್ ಎಂಬ ಗುಪ್ತ ಸಂಕೇತ ಬೇಕು, ವರ್ಗಾವಣೆ ತಡೆಯುವ ಲಾಕ್ ತೆಗೆಸಬೇಕು. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗಷ್ಟೇ ವರ್ಗವಾದ ಡೊಮೇನ್ ಆದರೆ 60 ದಿನ ಕಾಯಬೇಕಾಗಿ ಬರಬಹುದು. ಹೊಸ ಸೈಟ್ ಶುರು ಮಾಡಲು ವರ್ಗಾವಣೆ ಬೇಕಾಗಿಲ್ಲ. ಡಿಎನ್‌ಎಸ್‌ನಲ್ಲಿ ಒಂದೆರಡು ದಾಖಲೆ ಬದಲಾದರೆ ಸಾಕು. ಅದನ್ನು ಈಗ ನೋಡಿಕೊಳ್ಳುತ್ತಿರುವವರೇ ಮಾಡಿಕೊಡಬಹುದು. ಡೊಮೇನ್ ಕ್ಲೈಂಟ್ ಹೆಸರಿಗೆ ಬರಬೇಕು ಎಂಬುದು ನಿಜ. ಅದನ್ನು ಬೇರೆ ಕೆಲಸವಾಗಿ, ಪಕ್ಕದಲ್ಲಿ ನಡೆಸಿ. ಮೊದಲ ಮೈಲ್‌ಸ್ಟೋನ್‌ಗೆ ಕಟ್ಟಿಹಾಕಬೇಡಿ.

ತಾರೀಕುಗಳಲ್ಲಿ ಅಡಗಿದ್ದ ದೋಷ

ಇದು ಲಕ್ಷಣ ತೋರಿಸುವುದು ನಿಧಾನಕ್ಕೆ. ಆದ್ದರಿಂದ ಮೊದಲ ವಾರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

"ಹೋಮ್ ಪೇಜ್ ಡಿಸೈನ್: 18" ಎಂದು ಬರೆದಿದ್ದೆವು. ನಮ್ಮ ಮನಸ್ಸಿನಲ್ಲಿ ಅದು "ನೀವು ಎಲ್ಲ ಕೊಟ್ಟರೆ 18" ಎಂದಿತ್ತು. ಓದಿದವರಿಗೆ ಅದು "18ಕ್ಕೆ ಕೊಡುತ್ತೇವೆ" ಎಂಬ ಮಾತು. ಎರಡನೆಯ ಓದೇ ಸರಿ, ಯಾಕೆಂದರೆ ಬರೆದಿರುವುದು ಅದನ್ನೇ. ನಿರ್ದೇಶಕರು ಆ ತಾರೀಕು ನೋಡಿ 19ಕ್ಕೆ ತಮ್ಮವರ ಜೊತೆ ಮೀಟಿಂಗ್ ಇಟ್ಟುಕೊಂಡಿದ್ದರು.

ಪರೀಕ್ಷೆ ಸರಳ. ಮೇಲ್‌ನ ಪ್ರತಿ ತಾರೀಕಿನ ಮುಂದೆ "ಯಾವುದು ಬಂದ ಮೇಲೆ?" ಎಂದು ಕೇಳಿ. ಉತ್ತರ ಮೇಲ್‌ನಲ್ಲೇ ಇರಬೇಕು. ಆಮೇಲೆ "ಕ್ಲೈಂಟ್ ನೋಡಿ ಒಪ್ಪಲು ಎಷ್ಟು ದಿನ?" ಎಂದೂ ಕೇಳಿ. ನಮ್ಮ ಕೆಲಸದ ದಿನಗಳನ್ನು ಲೆಕ್ಕ ಹಾಕಿ ಅವರ ಪರಿಶೀಲನೆಯ ದಿನಗಳನ್ನು ಬಿಟ್ಟರೆ ಎರಡನೇ ಮೈಲ್‌ಸ್ಟೋನ್‌ನಿಂದಲೇ ಎಲ್ಲ ಜಾರುತ್ತದೆ.

ಇನ್ನೊಂದು: ಮೇಲ್ ಅಗ್ರಿಮೆಂಟ್‌ಗೆ ಎದುರಾಗಿ ಮಾತಾಡಬಾರದು. ಅಗ್ರಿಮೆಂಟ್‌ನಲ್ಲಿ ಎರಡು ಸುತ್ತು ತಿದ್ದುಪಡಿ ಎಂದಿದ್ದು, ಮೇಲ್‌ನಲ್ಲಿ ಉತ್ಸಾಹದಿಂದ "ನಿಮಗೆ ಒಪ್ಪಿಗೆ ಆಗುವವರೆಗೂ ತಿದ್ದುತ್ತೇವೆ" ಎಂದು ಬರೆದರೆ ಕ್ಲೈಂಟ್ ಹಿಡಿಯುವುದು ಮೇಲ್‌ನ ಮಾತನ್ನು. ಕಳುಹಿಸುವ ಮೊದಲು ಅಗ್ರಿಮೆಂಟ್ ಪಕ್ಕಕ್ಕಿಟ್ಟು ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿ.

ತಿದ್ದಿದ ಮೇಲ್

ಮಾತಾಡಿ ಎಲ್ಲ ತಿಳಿದ ಮೇಲೆ 14ರ ಸಂಜೆ ಹೊಸ ಮೇಲ್ ಕಳುಹಿಸಿದೆ, ನನ್ನ ಐಡಿಯಿಂದ. ಹನ್ನೊಂದು ವಿಷಯಗಳಲ್ಲಿ ಮೊದಲ ಮೈಲ್‌ಸ್ಟೋನ್‌ಗೆ ನಿಜವಾಗಿ ಬೇಕಿದ್ದದ್ದು ಮೂರೇ. ಡೊಮೇನ್ ವಿಷಯ ಮೊದಲ ಹಂತಕ್ಕೆ ಬೇಡವಾದರೂ ಅದಕ್ಕೆ ಸಮಯ ಹಿಡಿಯುವುದರಿಂದ ನಾಲ್ಕನೆಯದಾಗಿ ಸೇರಿಸಿದೆ. ಉಳಿದ ಏಳನ್ನು ಕೈಬಿಟ್ಟೆ. ಅವುಗಳ ಸರದಿ ಬಂದಾಗ ಕೇಳಿದರಾಯಿತು. "ಟು" ಜಾಗದಲ್ಲಿ ಮಾರ್ಕೆಟಿಂಗ್ ಮುಖ್ಯಸ್ಥೆ ಒಬ್ಬರೇ. ನಿರ್ದೇಶಕರು ಮತ್ತು ಸೈಟ್ ನೋಡಿಕೊಳ್ಳುವವರು ಸಿಸಿಯಲ್ಲಿ. ಹೆಸರುಗಳ ಬದಲು ಹುದ್ದೆ ಹಾಕಿ ಇಲ್ಲಿ ಕೊಡುತ್ತಿದ್ದೇನೆ.

> ವಿಷಯ: ವೆಬ್‌ಸೈಟ್ ಕಿಕ್‌ಆಫ್: 20ರೊಳಗೆ ಬೇಕಾದ 4 ವಿಷಯ
>
> ನಮಸ್ಕಾರ ಮೇಡಂ,
>
> ನಿರ್ದೇಶಕರ ಜೊತೆ ಇಂದು ಮಾತಾಡಿದ ಪ್ರಕಾರ ನಿಮ್ಮ ಕಡೆಯಿಂದ ದಿನನಿತ್ಯದ ಸಂಪರ್ಕ ನೀವು. ನಮ್ಮ ಕಡೆಯಿಂದ ನಾನು. ಏನೇ ಪ್ರಶ್ನೆ ಇದ್ದರೂ ನೇರವಾಗಿ ನನ್ನನ್ನೇ ಕೇಳಿ, ಒಂದು ಕೆಲಸದ ದಿನದೊಳಗೆ ಉತ್ತರಿಸುತ್ತೇನೆ. ಬಿಲ್ ವಿಷಯಕ್ಕೆ ಮಾತ್ರ ನಮ್ಮ ಅಕೌಂಟ್ಸ್ ವಿಭಾಗ. ಡಿಸೈನ್‌ಗೆ ಅಂತಿಮ ಒಪ್ಪಿಗೆ ನಿರ್ದೇಶಕರದ್ದು.
>
> 4ನೇ ತಾರೀಕಿನ ಮೇಲ್‌ನ ಪಟ್ಟಿಯನ್ನು ದಯವಿಟ್ಟು ಬದಿಗಿಡಿ. ಈಗ ಬೇಕಾದ್ದು ಇಷ್ಟೇ:
>
> 1. ಲೋಗೋ – ನಿಮ್ಮಿಂದ, 18ರೊಳಗೆ. ಎಸ್‌ವಿಜಿ, ಎಐ ಅಥವಾ ಪಿಡಿಎಫ್. ತೆರೆದು 800% ಜೂಮ್ ಮಾಡಿದಾಗ ಅಂಚು ಚೊಕ್ಕವಾಗಿ ಇರಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಬ್ರೋಷರ್ ಮುದ್ರಿಸಿದವರ ಹತ್ತಿರ ಇರಬಹುದು.
> 2. ಹೋಮ್ ಪೇಜ್ ಬರಹ – ನಿಮ್ಮಿಂದ, 20ರೊಳಗೆ. ಸುಮಾರು 200 ಪದ. ನೀವು ಏನು ಮಾಡುತ್ತೀರಿ, ಯಾರಿಗಾಗಿ, ಓದಿದವರು ಮುಂದೆ ಏನು ಮಾಡಬೇಕು. ಕರಡು ಆದರೂ ಸಾಕು.
> 3. ಫೋಟೋ – ನಿಮ್ಮಿಂದ, 20ರೊಳಗೆ. 5 ಸಾಕು. ಕ್ಯಾಮೆರಾದಿಂದ ಬಂದ ಮೂಲ ಫೈಲ್ ಕೊಡಿ, ವಾಟ್ಸಾಪ್‌ನಲ್ಲಿ ಬಂದದ್ದು ಬೇಡ.
> 4. ಡಿಎನ್‌ಎಸ್ – ಸೈಟ್ ನೋಡಿಕೊಳ್ಳುವವರಿಂದ, 20ರೊಳಗೆ. ಲಾಂಚ್ ದಿನ ದಾಖಲೆಗಳನ್ನು ತಾವೇ ಬದಲಾಯಿಸುವಿರಾ ಅಥವಾ ನಮ್ಮ ಐಡಿಗೆ ಬೇರೆ ಯೂಸರ್ ಕೊಡುವಿರಾ, ಅಷ್ಟು ತಿಳಿಸಿ. ಪಾಸ್‌ವರ್ಡ್ ಮೇಲ್‌ನಲ್ಲಿ ಬೇಡ.
>
> ಫೈಲ್‌ಗಳನ್ನು ಈ ಫೋಲ್ಡರ್‌ಗೆ ಹಾಕಿ: [ಲಿಂಕ್]
>
> 1, 2, 3 ಮೂರೂ ಬಂದ ಮರುದಿನದಿಂದ ಎಣಿಸಿ 5ನೇ ಕೆಲಸದ ದಿನ ಹೋಮ್ ಪೇಜ್ ಡಿಸೈನ್ ಕೊಡುತ್ತೇವೆ. 20ಕ್ಕೆ ಬಂದರೆ ಅದು 27 ಆಗುತ್ತದೆ. ನೋಡಿ ಹೇಳಲು ನಿಮಗೆ 3 ಕೆಲಸದ ದಿನ. ತಿದ್ದುಪಡಿ ಎರಡು ಸುತ್ತು, ಅಗ್ರಿಮೆಂಟ್‌ನಲ್ಲಿ ಇರುವಂತೆ. ಮುಂದಿನ ಹಂತಗಳ ತಾರೀಕನ್ನು ಡಿಸೈನ್ ಒಪ್ಪಿಗೆಯಾದ ದಿನ ಕಳುಹಿಸುತ್ತೇನೆ.
>
> ಇವುಗಳಲ್ಲಿ ಯಾವುದಾದರೂ ನಿಮ್ಮ ಹತ್ತಿರ ಇಲ್ಲದಿದ್ದರೆ ಯಾರ ಹತ್ತಿರ ಇದೆ ಎಂದು ತಿಳಿಸಿದರೂ ಸಾಕು, ನಾನು ಅವರ ಜೊತೆ ಮಾತಾಡುತ್ತೇನೆ.

ಕೊನೆಯ ಸಾಲನ್ನು ನಾನು ಈಗ ಎಲ್ಲ ಕಿಕ್‌ಆಫ್ ಮೇಲ್‌ಗಳಲ್ಲೂ ಹಾಕುತ್ತೇನೆ. "ನಮ್ಮ ಹತ್ತಿರ ಇಲ್ಲ" ಎಂದು ಹೇಳಲು ಅದು ದಾರಿ ಕೊಡುತ್ತದೆ. "ನಾಳೆ" ಎಂದು ತಳ್ಳಬೇಕಾಗಿ ಬರುವುದಿಲ್ಲ.

ಫೋಟೋ ಬಗ್ಗೆ ವಾಟ್ಸಾಪ್ ಹೆಸರು ತೆಗೆದಿರುವುದು ಸುಮ್ನೆ ಅಲ್ಲ. ಅದರಲ್ಲಿ ಚಿತ್ರವಾಗಿ ಕಳುಹಿಸಿದ ಫೋಟೋ ಕುಗ್ಗುತ್ತದೆ. ಫೋನ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಪುಟದ ಉದ್ದಗಲಕ್ಕೆ ಹರಡಿದಾಗ ಮಸುಕು ಗೊತ್ತಾಗುತ್ತದೆ.

ಆಮೇಲೆ

17ರ ಬೆಳಿಗ್ಗೆ ಎಸ್‌ವಿಜಿ ಲೋಗೋ ಬಂತು. ಬ್ರೋಷರ್ ಮುದ್ರಿಸಿದವರ ಹತ್ತಿರವೇ ಇತ್ತು. ಅದೇ ದಿನ ಸೈಟ್ ನೋಡಿಕೊಳ್ಳುವವರು ಫೋನ್ ಮಾಡಿ ಡಿಎನ್‌ಎಸ್ ಬದಲಾವಣೆ ತಾವೇ ಮಾಡುವುದಾಗಿ ಹೇಳಿದರು. ಆಗ ನಾನು ಅವರಿಗೆ ಹೇಳಿದ್ದು ಒಂದೇ, ಲಾಂಚ್‌ಗೆ ಎರಡು ದಿನ ಮೊದಲು ಟಿಟಿಎಲ್ ಅನ್ನು 300 ಸೆಕೆಂಡಿಗೆ ಇಳಿಸಿ ಎಂದು. ಡಿಎನ್‌ಎಸ್ ದಾಖಲೆಯನ್ನು ಬೇರೆ ಸರ್ವರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬ ಅವಧಿಯೇ ಟಿಟಿಎಲ್. ಅವರಲ್ಲಿ ಅದು 86400 ಇತ್ತು, ಅಂದರೆ 24 ಗಂಟೆ. ಹಾಗೆಯೇ ಬಿಟ್ಟಿದ್ದರೆ ಸೈಟ್ ಬದಲಾದ ಮೇಲೂ ಕೆಲವರಿಗೆ ಒಂದು ದಿನದವರೆಗೆ ಹಳೆಯದೇ ಕಾಣುವ ಸಾಧ್ಯತೆ ಇತ್ತು.

ಫೋಟೋ 19ಕ್ಕೆ, ಬರಹ 20ಕ್ಕೆ ಬಂದವು. ಬರಹ 200ರ ಬದಲು 450 ಪದ ಇತ್ತು, ಅದು ತೊಂದರೆಯಲ್ಲ. 27ಕ್ಕೆ ಡಿಸೈನ್ ಕೊಟ್ಟೆವು.

19ರ ಮೀಟಿಂಗ್ ವಿಷಯ ಬಾಕಿ ಇತ್ತು. ಮೊದಲ ಮೇಲ್‌ನಲ್ಲಿ 18 ಎಂದು ಷರತ್ತಿಲ್ಲದೆ ಬರೆದದ್ದು ನಾವು. ಆದ್ದರಿಂದ "ನೀವು ಮಾಹಿತಿ ಕೊಡಲಿಲ್ಲ" ಎಂದು ಹೇಳುವುದು ನ್ಯಾಯ ಆಗುತ್ತಿರಲಿಲ್ಲ. 14ರ ಕರೆಯಲ್ಲೇ ನಿರ್ದೇಶಕರಿಗೆ ಹಾಗೆಯೇ ಹೇಳಿ, ಮೀಟಿಂಗ್ ಅನ್ನು 28ಕ್ಕೆ ಮುಂದೂಡಲು ಆಗುತ್ತದಾ ಎಂದು ಕೇಳಿದೆ. ಅವರು ಒಪ್ಪಿದರು. ಒಪ್ಪಿದ್ದನ್ನು ಎರಡು ಸಾಲಿನ ಬೇರೆ ಮೇಲ್‌ನಲ್ಲಿ ಬರೆದು ಕಳುಹಿಸಿದೆ. ತಾರೀಕು ಬದಲಾದದ್ದು ಬರಹದಲ್ಲಿ ಇರಲಿ ಎಂದು.

ಮೇಲ್ ತಿದ್ದಿ ಉಪಯೋಗವಿಲ್ಲದ ಸಂದರ್ಭ

ಮೇಲಿನ ಎಲ್ಲವನ್ನೂ ನೋಡಿದ ಮೇಲೂ ಏನೂ ಬಾರದಿದ್ದರೆ ದೋಷ ಮೇಲ್‌ನಲ್ಲಿ ಇಲ್ಲ. ಫೋನ್ ತೆಗೆಯುವುದಿಲ್ಲ, ಕಿಕ್‌ಆಫ್ ಮೀಟಿಂಗ್ ಎರಡು ಸಲ ರದ್ದಾಗಿದೆ, ಮುಂಗಡದ ಬಿಲ್ ಕೂಡ ಹಾಗೇ ಉಳಿದಿದೆ. ಈ ಮೂರೂ ಒಟ್ಟಿಗೆ ಕಂಡರೆ ಕ್ಲೈಂಟ್ ಒಳಗೆ ಏನೋ ಬದಲಾಗಿದೆ. ಬಜೆಟ್ ನಿಂತಿರಬಹುದು, ಪ್ರಾಜೆಕ್ಟ್ ಬೇಕು ಎಂದವರೇ ಕೆಲಸ ಬಿಟ್ಟಿರಬಹುದು. ದಿನನಿತ್ಯದ ಸಂಪರ್ಕದವರಿಗೆ ಅದು ಗೊತ್ತಿದ್ದರೂ ಹೇಳುವ ಅಧಿಕಾರ ಇರುವುದಿಲ್ಲ. ಅವರ ಮೇಲೆ ಒತ್ತಡ ಹಾಕಬೇಡಿ. ಸಹಿ ಹಾಕಿದವರಿಗೇ ಕರೆ ಮಾಡಿ, "ಪ್ರಾಜೆಕ್ಟ್ ಈಗ ಶುರು ಮಾಡುವುದಾ, ಅಥವಾ ಒಂದು ತಾರೀಕಿನವರೆಗೆ ನಿಲ್ಲಿಸುವುದಾ?" ಎಂದು ನೇರವಾಗಿ ಕೇಳಿ. ನಿಲ್ಲಿಸುವುದು ಎಂದರೆ ಅಗ್ರಿಮೆಂಟ್‌ನಲ್ಲಿ ವಿಳಂಬದ ಬಗ್ಗೆ ಏನಿದೆ ಎಂದು ನೋಡಿ, ಮತ್ತೆ ಶುರು ಮಾಡುವ ತಾರೀಕನ್ನು ಬರಹದಲ್ಲಿ ಪಡೆದುಕೊಳ್ಳಿ. ಅಲ್ಲಿಯವರೆಗೆ ಆ ಕೆಲಸಕ್ಕೆ ಇಟ್ಟಿದ್ದ ಜನರನ್ನು ಬೇರೆ ಕೆಲಸಕ್ಕೆ ಹಾಕಬಹುದು.